ಕ್ಯಾರಿಯೋಟೈಪ್: ನಲವತ್ತಾರರೊಳಗೆ ಅಡಗಿದ ಹೆಚ್ಚುವರಿ ವರ್ಣತಂತು

ಒಂದು ಜೀವಕೋಶದ ವರ್ಣತಂತುಗಳನ್ನೆಲ್ಲ ಅವುಗಳ ಗಾತ್ರ, ಎರಡು ಭುಜಗಳು ಕೂಡುವ ಕಿರಿದಾದ ಸೆಂಟ್ರೋಮಿಯರ್ ಇರುವ ಜಾಗ ಮತ್ತು ಪಟ್ಟೆಗಳ ವಿನ್ಯಾಸವನ್ನು ನೋಡಿ ಜೋಡಿಜೋಡಿಯಾಗಿ, ಕ್ರಮಸಂಖ್ಯೆಯ ಪ್ರಕಾರ ಹೊಂದಿಸಿಟ್ಟ ಚಿತ್ರಕ್ಕೆ ಕ್ಯಾರಿಯೋಟೈಪ್ ಎಂದು ಹೆಸರು. ಮನುಷ್ಯನಲ್ಲಿ ಈ ಚಿತ್ರದಲ್ಲಿ 46 ವರ್ಣತಂತುಗಳಿರಬೇಕು ಎಂಬುದು 1956ರಲ್ಲಿ ಜಿಯೊ ಮತ್ತು ಲೆವಾನ್ ಅವರ ಎಣಿಕೆಯಿಂದ ಖಚಿತವಾಯಿತು. ಅದಕ್ಕೂ ಮುಂಚೆ ಮೂರು ದಶಕಗಳ ಕಾಲ ಸಂಖ್ಯೆ 48 ಎಂದೇ ನಂಬಲಾಗಿತ್ತು. ಹೊಸದಾಗಿ ಪ್ರಯೋಗಾಲಯಕ್ಕೆ ಬರುವವರು ಈ 46ನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆಂದರೆ, ಎಣಿಕೆ ಸರಿಬಂದ ಕೂಡಲೇ ಓದುವುದನ್ನು ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಮಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ನಾನು ಅವರ ಕೈಗೆ ಮೊದಲು ಕೊಡುವುದು ಎಣಿಕೆ ಸರಿಯಾಗಿಯೇ ಬರುವ, ಆದರೆ ಮಗು ಮಾತ್ರ ಡೌನ್ ಸಿಂಡ್ರೋಮ್‌ನ ಲಕ್ಷಣಗಳನ್ನು ಹೊತ್ತಿರುವ ಒಂದು ಮಾದರಿ ಪ್ರಕರಣವನ್ನು.

ಪ್ರಕರಣ ಹೀಗಿದೆ. ಎರಡು ತಿಂಗಳ ಹೆಣ್ಣುಮಗು. ತಾಯಿಗೆ ಇಪ್ಪತ್ತನಾಲ್ಕು ವರ್ಷ. ಇದಕ್ಕೂ ಮೊದಲು ಎರಡು ಬಾರಿ ಗರ್ಭ ನಿಲ್ಲದೆ ಹೋಗಿದೆ. ಮಗುವಿನ ರಕ್ತವನ್ನು ಮೂರು ದಿನ 37 ಡಿಗ್ರಿ ಶಾಖದಲ್ಲಿ ಬೆಳೆಸಿ, ಕೋಶಗಳು ವಿಭಜನೆಯ ನಡುಹಂತದಲ್ಲಿರುವಾಗ ಕೋಲ್ಸೆಮಿಡ್ ಹಾಕಿ ತಡೆದು, ಉಪ್ಪಿನ ತೆಳು ದ್ರಾವಣದಲ್ಲಿ ಉಬ್ಬಿಸಿ, ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಸ್ಥಿರಗೊಳಿಸಿ, ಗಾಜಿನ ಸ್ಲೈಡಿನ ಮೇಲೆ ಬೀಳಿಸಲಾಗಿದೆ. ಆಮೇಲೆ ಟ್ರಿಪ್ಸಿನ್ ಸೋಕಿಸಿ ಗೀಮ್ಸಾ ಬಣ್ಣ ಹಾಕಿದಾಗ ಪ್ರತಿಯೊಂದು ವರ್ಣತಂತುವಿನ ಮೇಲೂ ಕಪ್ಪು–ಬಿಳಿ ಪಟ್ಟೆಗಳು ಮೂಡುತ್ತವೆ. ಇವುಗಳನ್ನೇ ಜಿ–ಪಟ್ಟೆಗಳು ಎನ್ನುವುದು. ಒಂದು ವರ್ಣತಂತುವಿನ ಎರಡು ಪ್ರತಿಗಳಲ್ಲಿಯೂ ಈ ಪಟ್ಟೆಗಳು ಒಂದೇ ಕ್ರಮದಲ್ಲಿರಬೇಕು. ಓದುವುದೆಂದರೆ ಮುಖ್ಯವಾಗಿ ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ಮೇಲಿನಿಂದ ಕೆಳಗಿನವರೆಗೆ ಪಟ್ಟೆಗೆ ಪಟ್ಟೆ ಹೋಲಿಸುವುದು.

ಮೊದಲ ಕೋಶದಲ್ಲಿ ಎಣಿಕೆ 46. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಸುಮಾರು 95 ಶೇಕಡಾ ಮಂದಿಗೆ 21ನೆಯ ವರ್ಣತಂತು ಬಿಡಿಯಾಗಿ ಮೂರು ಇರುತ್ತದೆ, ಆಗ ಎಣಿಕೆ 47 ಬರುತ್ತದೆ ಮತ್ತು ಓದುವವರಿಗೆ ಹೆಚ್ಚಿನ ಕಷ್ಟವಿಲ್ಲ. ಇಲ್ಲಿ ಹಾಗಾಗಿಲ್ಲ. ಹೊಸಬರು ಸಹಜವಾಗಿಯೇ ಸಣ್ಣ ವರ್ಣತಂತುಗಳ ಕಡೆಗೆ ನೋಡುತ್ತಾರೆ: 21 ಎರಡು, 22 ಎರಡು, ಒಟ್ಟು ನಾಲ್ಕು. ಅದೂ ಸರಿಯಿದೆ. ತಪ್ಪು ಸಿಗುವುದು ಬೇರೆ ಕಡೆ.

13, 14, 15, 21, 22 ಈ ಐದು ವರ್ಣತಂತುಗಳಲ್ಲಿ ಸೆಂಟ್ರೋಮಿಯರ್ ಬಹುತೇಕ ತುದಿಯಲ್ಲೇ ಇರುತ್ತದೆ. ಇವನ್ನು ಅಕ್ರೊಸೆಂಟ್ರಿಕ್ ಎನ್ನುತ್ತೇವೆ. ಇವುಗಳಲ್ಲಿ ಮಧ್ಯಮ ಗಾತ್ರದವು, ಅಂದರೆ 13ರಿಂದ 15ರವರೆಗಿನವು, ಒಟ್ಟು ಆರು ಇರಬೇಕು. ಈ ಕೋಶದಲ್ಲಿ ಐದೇ ಇವೆ. ಅದೇ ವೇಳೆಗೆ 6ರಿಂದ 12 ಮತ್ತು ಎಕ್ಸ್ ಸೇರಿದ ನಡುಗಾತ್ರದ ಗುಂಪಿನಲ್ಲಿ ಹುಡುಗಿಯೊಬ್ಬಳಿಗೆ ಹದಿನಾರು ಇರಬೇಕಾದಲ್ಲಿ ಹದಿನೇಳು ಇದ್ದಂತೆ ಕಾಣುತ್ತದೆ. ಹದಿನೇಳನೆಯದಕ್ಕೆ ಜೋಡಿ ಸಿಗುವುದಿಲ್ಲ. ಜೋಡಿ ಸಿಗದ ಆ ಒಂದರ ಮೇಲೆ ಕಣ್ಣಿಟ್ಟು ಪಟ್ಟೆಗಳನ್ನು ನೋಡಬೇಕು. ಅದರ ಉದ್ದ ಭುಜದಲ್ಲಿ ಸೆಂಟ್ರೋಮಿಯರ್‌ಗೆ ಹತ್ತಿರ ಕಪ್ಪು ಪಟ್ಟೆಗಳು, ನಂತರ ತಿಳಿಯಾದ ಭಾಗ, ತುದಿಯ ಕಡೆಗೆ ಒಂಟಿಯಾಗಿ ಎದ್ದು ಕಾಣುವ ಇನ್ನೊಂದು ಕಪ್ಪು ಪಟ್ಟೆ ಇವೆ. ಇದು 14ರ ಉದ್ದ ಭುಜದ ಗುರುತು. ಸೆಂಟ್ರೋಮಿಯರ್‌ನ ಆಚೆ ಬದಿಯಲ್ಲಿ ತಕ್ಷಣವೇ ಒಂದು ದಪ್ಪ ಕಪ್ಪು ಪಟ್ಟೆ, ಅದರ ಮುಂದೆ ಬಿಳಿಚಿಕೊಂಡ ತುದಿ. ಇದು 21ರ ಉದ್ದ ಭುಜ. ಅಂದರೆ 14ರ ಒಂದು ಪ್ರತಿಯೂ 21ರ ಒಂದು ಪ್ರತಿಯೂ ಸೆಂಟ್ರೋಮಿಯರ್ ಬಳಿ ಬೆಸೆದುಕೊಂಡು ಒಂದೇ ಆಗಿವೆ. ಬಿಡಿಯಾಗಿರುವ ಎರಡು 21ಗಳೊಂದಿಗೆ ಬೆಸೆದುಕೊಂಡ ಈ ಮೂರನೆಯದನ್ನು ಸೇರಿಸಿದರೆ ಮಗುವಿನ ಲಕ್ಷಣಗಳಿಗೆ ಕಾರಣ ಸಿಕ್ಕಿತು.

ಇಂತಹ ಬೆಸುಗೆಗೆ ರಾಬರ್ಟ್‌ಸೋನಿಯನ್ ಟ್ರಾನ್ಸ್‌ಲೊಕೇಶನ್ ಎಂಬ ಹೆಸರಿದೆ. 1916ರಲ್ಲಿ ಮಿಡತೆಗಳಲ್ಲಿ ಇದನ್ನು ವಿವರಿಸಿದ ರಾಬರ್ಟ್‌ಸನ್ ಅವರಿಂದ ಬಂದ ಹೆಸರು ಅದು. ಬೆಸೆಯುವಾಗ ಎರಡೂ ವರ್ಣತಂತುಗಳ ಗಿಡ್ಡ ಭುಜಗಳು ಕಳೆದುಹೋಗುತ್ತವೆ. ಹಾಗಿದ್ದೂ ಆ ನಷ್ಟ ಬಾಧಿಸದಿರುವುದಕ್ಕೆ ಕಾರಣವೆಂದರೆ, ಆ ಗಿಡ್ಡ ಭುಜಗಳಲ್ಲಿರುವ ಮುಖ್ಯ ಸರಕು ರೈಬೋಸೋಮಿನ ಆರ್‌ಎನ್‌ಎ ಜೀನುಗಳು, ಮತ್ತು ಅವುಗಳ ಪ್ರತಿಗಳು ಉಳಿದ ಅಕ್ರೊಸೆಂಟ್ರಿಕ್ ವರ್ಣತಂತುಗಳಲ್ಲಿಯೂ ಸಾಕಷ್ಟಿವೆ.

ವರದಿಯಲ್ಲಿ ಇದನ್ನು ಹೀಗೆ ಬರೆಯುತ್ತೇವೆ:

```
46,XX,der(14;21)(q10;q10),+21
```

ಮೊದಲಿಗೆ ಒಟ್ಟು ಸಂಖ್ಯೆ, ನಂತರ ಲಿಂಗ ವರ್ಣತಂತುಗಳು, ಆಮೇಲೆ ವ್ಯತ್ಯಾಸ. `der` ಎಂದರೆ ಮಾರ್ಪಾಡಾಗಿ ಹುಟ್ಟಿದ ವರ್ಣತಂತು, `q` ಉದ್ದ ಭುಜ, `p` ಗಿಡ್ಡ ಭುಜ, `q10` ಎಂದರೆ ಸೆಂಟ್ರೋಮಿಯರ್‌ನ ಉದ್ದಭುಜದ ಬದಿ. ಕಲಿಯುವವರು ಎಡವುವುದು ಕೊನೆಯ `+21` ಬಳಿ: ಒಟ್ಟು 46 ಇರುವಾಗ ಹೆಚ್ಚುವರಿ ಎಂದು ಬರೆಯುವುದೇಕೆ? ಎರಡು ವರ್ಣತಂತುಗಳು ಬೆಸೆದು ಒಂದಾದ ಮೇಲೆ, ಯಾವ ಏರುಪೇರೂ ಇಲ್ಲದವರಲ್ಲಿ ಎಣಿಕೆ 45 ಆಗಬೇಕು. ಇಲ್ಲಿ 46 ಇದೆಯೆಂದರೆ ಒಂದು ಹೆಚ್ಚಾಗಿದೆ ಎಂದೇ ಅರ್ಥ.

ಈಗ ತಾಯಿಯ ರಕ್ತ. ಅವರಲ್ಲಿ ಎಣಿಕೆ 45, ಬಿಡಿಯಾದ 14 ಒಂದು, ಬಿಡಿಯಾದ 21 ಒಂದು, ಜೊತೆಗೆ ಅದೇ ಬೆಸುಗೆಯ ವರ್ಣತಂತು. ಅವರು ಪೂರ್ಣ ಆರೋಗ್ಯವಂತೆ, ಏಕೆಂದರೆ 14 ಮತ್ತು 21ರ ಉದ್ದ ಭುಜಗಳು ಎರಡೆರಡು ಇದ್ದೇ ಇವೆ. ತೊಂದರೆಯಾಗುವುದು ಅಂಡಾಣು ರೂಪುಗೊಳ್ಳುವಾಗ, ಈ ಮೂರು ವರ್ಣತಂತುಗಳನ್ನು ಎರಡು ಕಡೆಗೆ ಹಂಚಬೇಕಾದ ಹೊತ್ತಿನಲ್ಲಿ. ಬಿಡಿ 14 ಮತ್ತು ಬಿಡಿ 21 ಒಟ್ಟಿಗೆ ಹೋದರೆ ಮಗು ಸಾಮಾನ್ಯ. ಬೆಸುಗೆಯದು ಒಂದೇ ಹೋದರೆ ಮಗು ತಾಯಿಯಂತೆಯೇ ಆರೋಗ್ಯವಂತ ವಾಹಕ. ಬೆಸುಗೆಯದು ಮತ್ತು ಬಿಡಿ 21 ಒಟ್ಟಾಗಿ ಹೋದರೆ ಡೌನ್ ಸಿಂಡ್ರೋಮ್. ಉಳಿದ ಮೂರು ಬಗೆಯ ಹಂಚಿಕೆಗಳಲ್ಲಿ ಭ್ರೂಣ ಉಳಿಯುವುದಿಲ್ಲ, ಹಿಂದಿನ ಎರಡು ಗರ್ಭಪಾತಗಳ ಹಿಂದೆ ಬಹುಶಃ ಅವೇ ಇದ್ದವು. ಕಾಗದದ ಮೇಲಿನ ಲೆಕ್ಕದಲ್ಲಿ ಹುಟ್ಟುವ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕೆ ಡೌನ್ ಸಿಂಡ್ರೋಮ್ ಬರಬೇಕು. ವಾಸ್ತವದಲ್ಲಿ ತಾಯಿ ವಾಹಕಳಾಗಿದ್ದಾಗ ಆ ಸಂಭವ ಸುಮಾರು 10ರಿಂದ 15 ಶೇಕಡಾ, ತಂದೆ ವಾಹಕನಾಗಿದ್ದಾಗ ಅದಕ್ಕಿಂತ ಬಹಳ ಕಡಿಮೆ. ಮಗುವಿನಲ್ಲಿ ಬೆಸುಗೆ ಕಂಡ ಮಾತ್ರಕ್ಕೆ ತಾಯಿ ಅಥವಾ ತಂದೆ ವಾಹಕರೆಂದು ಹೇಳುವಂತಿಲ್ಲ, ಏಕೆಂದರೆ ಹೆಚ್ಚಿನ ಇಂತಹ ಮಕ್ಕಳಲ್ಲಿ ಅದು ಹೊಸದಾಗಿಯೇ ಉಂಟಾಗಿರುತ್ತದೆ. ಇಬ್ಬರ ರಕ್ತವನ್ನೂ ಓದಿಯೇ ತಿಳಿಯಬೇಕು.

ಟ್ರಾನ್ಸ್‌ಲೊಕೇಶನ್‌ನ ಇನ್ನೊಂದು ಬಗೆಯಲ್ಲಿ ಎರಡು ವರ್ಣತಂತುಗಳು ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ. ಅಲ್ಲಿ ಎಣಿಕೆ ಬದಲಾಗುವುದಿಲ್ಲ. ಒಂದು ಜೋಡಿಯಲ್ಲಿ ಒಂದು ಪ್ರತಿ ಉದ್ದವಾಗಿ ಕಂಡರೆ, ಮೋಟಾದ ಇನ್ನೊಂದು ಎಲ್ಲಿದೆ ಎಂದು ಬೇರೆ ಜೋಡಿಗಳಲ್ಲಿ ಹುಡುಕಿ, ಅಲ್ಲಿ ಕಳೆದ ಪಟ್ಟೆಗಳೂ ಇಲ್ಲಿ ಸೇರಿದ ಪಟ್ಟೆಗಳೂ ಒಂದೇ ಹೌದೇ ಎಂದು ತಾಳೆ ನೋಡಬೇಕು. ಮೋಟಾದದ್ದು ಸಿಗದಿದ್ದರೆ ವಿಷಯ ಬೇರೆಯೇ: ಹೆಚ್ಚುವರಿ ತುಂಡೊಂದು ನಿಜವಾಗಿಯೂ ಬಂದು ಸೇರಿರಬಹುದು.

ಇನ್ವರ್ಷನ್ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಉದ್ದವೂ ಬದಲಾಗುವುದಿಲ್ಲ. ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನ ನಿರ್ವಾಹಕ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ಎಂದು ಕೂಗುವ ಬದಲು ಸುರತ್ಕಲ್, ಕಾಪು, ಪಡುಬಿದ್ರಿ, ಮೂಲ್ಕಿ, ಕಟಪಾಡಿ ಎಂದು ಕೂಗಿದನೆನ್ನಿ: ಒಂದು ನಿಲ್ದಾಣವೂ ತಪ್ಪಿಲ್ಲ, ನಡುವಿನ ತುಂಡು ಮಾತ್ರ ತಲೆಕೆಳಗಾಗಿದೆ. ತಿರುಗಿದ ತುಂಡಿನೊಳಗೆ ಸೆಂಟ್ರೋಮಿಯರ್ ಸೇರಿದ್ದರೆ ಅದು ಪೆರಿಸೆಂಟ್ರಿಕ್. ಆಗ ಎರಡು ಭುಜಗಳ ಅಳತೆ ಏರುಪೇರಾಗಿ ಸುಳಿವು ಸಿಗುವುದುಂಟು. ಸೆಂಟ್ರೋಮಿಯರ್ ಸೇರದೆ ಒಂದೇ ಭುಜದೊಳಗೆ ತಿರುಗಿದ್ದರೆ ಅದು ಪ್ಯಾರಾಸೆಂಟ್ರಿಕ್; ಅದನ್ನು ಪಟ್ಟೆಗಳ ಕ್ರಮವಲ್ಲದೆ ಬೇರೇನೂ ಬಿಟ್ಟುಕೊಡದು. ಹೊಸಬರಿಗೆ ಮೊದಲು ಎದುರಾಗುವ ಇನ್ವರ್ಷನ್ ಸಾಮಾನ್ಯವಾಗಿ `inv(9)(p12q13)`. ಉದ್ದ ಭುಜದಲ್ಲಿ ಸೆಂಟ್ರೋಮಿಯರ್‌ಗೆ ತಾಗಿಕೊಂಡಿರುವ, ಜೀನುಗಳು ಬಹುತೇಕ ಇಲ್ಲದ ಹೆಟೆರೋಕ್ರೊಮ್ಯಾಟಿನ್ ಭಾಗ ಇದರಲ್ಲಿ ಗಿಡ್ಡ ಭುಜದ ಕಡೆಗೆ ಬಂದಿರುತ್ತದೆ. ಇದು ನೂರರಲ್ಲಿ ಒಬ್ಬಿಬ್ಬರಿಗೆ ಇರುವ, ತೊಂದರೆ ಕೊಡದ ಸಹಜ ವೈವಿಧ್ಯ. ಇದನ್ನು ಗರ್ಭಪಾತಕ್ಕೆ ಕಾರಣವೆಂದು ಹೇಳಿ ದಂಪತಿಗಳನ್ನು ಹೆದರಿಸುವುದು ಸರಿಯಲ್ಲ.

ಇನ್ನು ಸುಳ್ಳು ಸುಳಿವುಗಳು. ನಮ್ಮ ಕರಾವಳಿಯಲ್ಲಿ ಜೂನ್–ಜುಲೈ ತಿಂಗಳ ಜಡಿಮಳೆಯಲ್ಲಿ ಸ್ಲೈಡ್ ಬೇಗ ಒಣಗುವುದಿಲ್ಲ. ಕೋಶ ಅತಿಯಾಗಿ ಹರಡಿ ಒಡೆದು, ವರ್ಣತಂತುಗಳು ಚದುರಿ, ಒಂದೆರಡು ಕಳೆದೇಹೋಗುತ್ತವೆ. ನಾನು ಕೆಲಸ ಕಲಿಯುತ್ತಿದ್ದ ಮೊದಲ ಮಳೆಗಾಲದಲ್ಲಿ ಹೀಗೆ ಬಂದ 45ರ ಎಣಿಕೆಯನ್ನು ನಿಜವೆಂದೇ ಬರೆದು ಹಿರಿಯರಿಂದ ಬೈಸಿಕೊಂಡಿದ್ದೆ. ಗುರುತಿಸುವ ದಾರಿ ಸರಳವಾಗಿದೆ: ಚದುರಿ ಕಳೆದದ್ದಾದರೆ ಒಂದು ಕೋಶದಲ್ಲಿ 17 ಇರುವುದಿಲ್ಲ, ಇನ್ನೊಂದರಲ್ಲಿ 8 ಇರುವುದಿಲ್ಲ, ನಿಜವಾದ ಬದಲಾವಣೆಯಾದರೆ ಪ್ರತಿ ಕೋಶದಲ್ಲಿಯೂ ಅದೇ ಕೊರತೆ, ಅದೇ ಬೆಸುಗೆ. ಒಂದರ ಮೇಲೊಂದು ಬಿದ್ದ ವರ್ಣತಂತುಗಳೂ ಬೆಸುಗೆಯಂತೆ ಕಂಡು ಮೋಸಮಾಡುತ್ತವೆ. ವಾಡಿಕೆಯಂತೆ ಇಪ್ಪತ್ತು ಕೋಶಗಳನ್ನು ಎಣಿಸಿ, ಕನಿಷ್ಠ ಐದನ್ನಾದರೂ ಪಟ್ಟೆಗೆ ಪಟ್ಟೆ ಓದುವುದು ಈ ಕಾರಣಕ್ಕೇ. ಕೆಲವು ಕೋಶಗಳಲ್ಲಿ 46, ಕೆಲವದರಲ್ಲಿ 47 ಇರುವ ಮೊಸಾಯಿಕ್ ಸ್ಥಿತಿ ಹೊರಬೀಳುವುದೂ ಇದೇ ಎಣಿಕೆಯಲ್ಲಿ.

ಸೂಕ್ಷ್ಮದರ್ಶಕಕ್ಕೂ ಮಿತಿಯಿದೆ. ಸುಮಾರು ಐದರಿಂದ ಹತ್ತು ದಶಲಕ್ಷ ಬೇಸ್‌ಗಳಿಗಿಂತ ಸಣ್ಣ ತುಂಡು ಹೋದರೂ ಬಂದರೂ ಪಟ್ಟೆಯಲ್ಲಿ ಗೊತ್ತಾಗದು, ತಿಳಿಬಣ್ಣದ ತುದಿಗಳು ಪರಸ್ಪರ ಬದಲಾದರೆ ಅನುಭವಿಗಳ ಕಣ್ಣಿಗೂ ತಪ್ಪುತ್ತದೆ. ಅಂತಹದ್ದಕ್ಕೆ ಮೈಕ್ರೊಅರೇ ಅಥವಾ ಹೊಳೆಯುವ ಗುರುತು ಅಂಟಿಸಿ ನೋಡುವ ಫಿಶ್ ಪರೀಕ್ಷೆ ಬೇಕು. ಆದರೆ ಮೈಕ್ರೊಅರೇ ಅಳೆಯುವುದು ಪ್ರಮಾಣವನ್ನು ಮಾತ್ರ. ನಮ್ಮ ಈ ಮಗುವಿನಲ್ಲಿ 21ರ ಸರಕು ಮೂರು ಪಾಲು ಇದೆಯೆಂದು ಅದು ಹೇಳುತ್ತದೆ, ಮೂರನೆಯದು ಬಿಡಿಯಾಗಿದೆಯೋ 14ಕ್ಕೆ ಅಂಟಿದೆಯೋ ಎಂದು ಹೇಳುವುದಿಲ್ಲ. ತಾಯಿಯ ವರದಿಯಲ್ಲಂತೂ ಎಲ್ಲವೂ ಸಹಜವೆಂದೇ ಬರುತ್ತದೆ. ಆಗ ಮತ್ತೆ ಕ್ಯಾರಿಯೋಟೈಪ್‌ಗೇ ಬರಬೇಕು, ಮತ್ತು ಅದಕ್ಕೆ ಕೋಶಗಳು ಜೀವಂತವಾಗಿರಬೇಕಾದ್ದರಿಂದ ಅರೇಗೆಂದು ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ ತೆಗೆದಿಟ್ಟ ರಕ್ತ ಸಾಲದು. ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಕೊಳವೆಯಲ್ಲಿ ಹೊಸದಾಗಿ ತೆಗೆದು ಕಳುಹಿಸಬೇಕು.