ಪಾರ್ಟ್ ತ್ರೀಯಲ್ಲಿ ವುಡ್: ಮೊದಲ ವಾಕ್ಯ ಸರಿ, ಮೂರನೆಯದರಲ್ಲಿ ಜಾರುತ್ತೇವೆ

ಐಇಎಲ್‌ಟಿಎಸ್ ಸ್ಪೀಕಿಂಗ್‌ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಸೆಕೆಂಡ್ ಕಂಡೀಷನಲ್ ಸೂತ್ರ ನಿಮಗೆ ಗೊತ್ತು ಅಂದುಕೊಂಡೇ ಬರೆಯುತ್ತಿದ್ದೇನೆ: ಇಫ್ ಇರುವ ಅರ್ಧಕ್ಕೆ ಪಾಸ್ಟ್ ರೂಪ, ಇನ್ನೊಂದು ಅರ್ಧಕ್ಕೆ ವುಡ್. ಗ್ರಾಮರ್ ಪುಸ್ತಕದಲ್ಲಿ ಖಾಲಿ ಜಾಗ ತುಂಬುವಾಗ ನಾವ್ಯಾರೂ ತಪ್ಪು ಮಾಡುವುದಿಲ್ಲ. ಬಾಯಿಬಿಟ್ಟು ಮಾತಾಡುವಾಗ ಮಾತ್ರ ಎಲ್ಲೋ ಕೈಕೊಡುತ್ತದೆ. ಎಲ್ಲಿ ಅಂತ ನೋಡೋಣ.

ಪಾರ್ಟ್ ತ್ರೀ ಅಂದರೆ ನಾಲ್ಕೈದು ನಿಮಿಷದ ಚರ್ಚೆ. ಪಾರ್ಟ್ ಟೂನಲ್ಲಿ ನೀವು ಮಾತಾಡಿದ ವಿಷಯವನ್ನೇ ಹಿಡಿದು ಎಕ್ಸಾಮಿನರ್ ಅದನ್ನು ಸ್ವಲ್ಪ ದೊಡ್ಡದು ಮಾಡಿ ಕೇಳುತ್ತಾರೆ. ಅಲ್ಲಿ ಕೆಲಸದ ಬಗ್ಗೆ ಹೇಳಿದ್ದರೆ ಇಲ್ಲಿ ಹೀಗೊಂದು ಪ್ರಶ್ನೆ ಬರಬಹುದು: "ಹೌ ವುಡ್ ಲೈಫ್ ಚೇಂಜ್ ಇಫ್ ಪೀಪಲ್ ವರ್ಕ್ಡ್ ಓನ್ಲಿ ಫೋರ್ ಡೇಸ್ ಎ ವೀಕ್?"

ನನ್ನ ಜೊತೆ ಪ್ರಾಕ್ಟೀಸ್ ಮಾಡುವ ಗೆಳೆಯ ಇದಕ್ಕೆ ಕೊಟ್ಟ ಉತ್ತರ ನೋಡಿ. "ಇಫ್ ಪೀಪಲ್ ವುಡ್ ವರ್ಕ್ ಫೋರ್ ಡೇಸ್, ದೇ ವುಡ್ ಬಿ ಹ್ಯಾಪಿಯರ್. ದೇ ವುಡ್ ಹ್ಯಾವ್ ಮೋರ್ ಟೈಮ್. ದೇ ವಿಲ್ ಸ್ಪೆಂಡ್ ಇಟ್ ವಿತ್ ದೇರ್ ಚಿಲ್ಡ್ರನ್ ಅಂಡ್ ದೇ ವಿಲ್ ನಾಟ್ ಗೆಟ್ ಟಯರ್ಡ್."

ಎರಡು ತಪ್ಪಿವೆ. ಮೊದಲನೆಯದು, ಇಫ್ ಪಕ್ಕದಲ್ಲೇ ವುಡ್ ಬಂದು ಕೂತಿದೆ. ಎರಡನೆಯದು, ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ವುಡ್ ಹೋಗಿ ವಿಲ್ ಬಂದಿದೆ. ಮೊದಲನೆಯದನ್ನು ಎಲ್ಲರೂ ತಿದ್ದುತ್ತಾರೆ. ಎರಡನೆಯದು ಯಾರ ಕಿವಿಗೂ ಬೀಳುವುದಿಲ್ಲ, ಹೇಳಿದವನ ಕಿವಿಗಂತೂ ಇಲ್ಲವೇ ಇಲ್ಲ.

ಮೊದಲನೆಯದಕ್ಕೆ ಮದ್ದು ಕನ್ನಡದಲ್ಲೇ ಇದೆ. ಇಫ್ ಆದಮೇಲೆ ಪಾಸ್ಟ್ ಯಾಕೆ, ಮಾತಾಡ್ತಿರೋದು ಮುಂದಿನದ್ದಲ್ವಾ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಆದರೆ "ನಾಳೆ ಕೊಟ್ಟರೆ" ಅನ್ನುವಾಗ ನಾವು ಏನು ಮಾಡುತ್ತಿದ್ದೇವೆ? ಕೊಟ್ಟ ಅನ್ನುವ ಭೂತಕಾಲದ ರೂಪಕ್ಕೇ "ರೆ" ಸೇರಿಸುತ್ತಿದ್ದೇವೆ. ಬಂದರೆ, ಮಾಡಿದರೆ, ಇದ್ದರೆ, ಎಲ್ಲವೂ ಹಾಗೇ. "ನಾಳೆ ಕೊಡುತ್ತಾನೆರೆ" ಅಂತ ಯಾರೂ ಹೇಳುವುದಿಲ್ಲ. ಅಂದಮೇಲೆ "ಇಫ್ ಹೀ ಗೇವ್" ನಮಗೆ ಅಷ್ಟೇನೂ ಹೊಸದಲ್ಲ. ಬಾಯಿಗೆ "ಇಫ್ ದೇ ವುಡ್" ಬಂದಾಗಲೆಲ್ಲ ನಾನು ಮನಸ್ಸಿನಲ್ಲಿ "ಕೊಡುತ್ತಾನೆರೆ" ಅಂದುಕೊಳ್ಳುತ್ತೇನೆ. ಕಿವಿಗೆ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಅಂದರೆ ತಾನಾಗೇ ತಿದ್ದಿಕೊಳ್ಳುತ್ತೇನೆ.

ಒಂದು ವ್ಯತ್ಯಾಸ ಮಾತ್ರ ಇದೆ, ಎರಡನೇ ತಪ್ಪಿನ ಬೇರು ಇರುವುದೂ ಅಲ್ಲೇ. ನಮ್ಮ "ಇದ್ದರೆ" ನಿಜವಾಗಿ ಆಗಬಹುದಾದ್ದಕ್ಕೂ ಸರಿ, ಬರೀ ಕಲ್ಪನೆಗೂ ಸರಿ. "ವಾರಕ್ಕೆ ನಾಲ್ಕೇ ದಿನ ಕೆಲಸ ಇದ್ದರೆ ಮಕ್ಕಳ ಜೊತೆ ಇರ್ತಾರೆ, ಸುಸ್ತಾಗಲ್ಲ" ಅಂತ ನಾವು ಸುಮ್ನೆ ಮಾಮೂಲಿ ಕ್ರಿಯಾಪದದಲ್ಲೇ ಮುಗಿಸಬಹುದು. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಕಲ್ಪನೆಯೊಳಗೆ ಒಮ್ಮೆ ಕಾಲಿಟ್ಟರೆ, ಅಲ್ಲಿ ಇರುವಷ್ಟು ಹೊತ್ತೂ ಪ್ರತಿ ಕ್ರಿಯಾಪದದ ಮೇಲೂ ಅದರ ಗುರುತು ಬೇಕು. ನಾವು ಒಂದು ಸಲ ಇಫ್ ಹೇಳಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ಆಮೇಲೆ ಇರ್ತಾರೆ ಅನ್ನುವುದು ವಿಲ್ ಆಗಿ ಹೊರಗೆ ಬರುತ್ತದೆ.

ಹಾಗಂತ ಇಡೀ ಉತ್ತರದ ತುಂಬ ವುಡ್ ಸುರಿಯುವುದೂ ಸರಿಯಲ್ಲ. ಒಳ್ಳೆಯ ಉತ್ತರದಲ್ಲಿ ಎರಡು ಲೋಕ ಇರುತ್ತವೆ. ಒಂದು ಕಲ್ಪನೆಯದು, ಅಲ್ಲಿ ವುಡ್. ಇನ್ನೊಂದು ಈಗ ನಿಜವಾಗಿ ಇರುವುದು, ಅಲ್ಲಿ ಮಾಮೂಲಿ ಪ್ರೆಸೆಂಟ್. ಹೋಲಿಸಿ ಹೇಳಬೇಕಾದರೆ ಎರಡರ ನಡುವೆ ಓಡಾಡಲೇಬೇಕು. ಅದೇ ಪ್ರಶ್ನೆಗೆ ನಾವಿಬ್ಬರೂ ಕೂತು ಕಟ್ಟಿದ ಉತ್ತರ ಇದು:

"ಐ ಥಿಂಕ್ ಫ್ಯಾಮಿಲೀಸ್ ವುಡ್ ಫೀಲ್ ಇಟ್ ಫಸ್ಟ್. ರೈಟ್ ನೌ, ಮೆನಿ ಪೀಪಲ್ ಡೂ ಆಲ್ ದೇರ್ ಕ್ಲೀನಿಂಗ್ ಅಂಡ್ ಶಾಪಿಂಗ್ ಅಟ್ ದ ವೀಕೆಂಡ್, ಸೋ ದೇ ನೆವರ್ ರಿಯಲಿ ರೆಸ್ಟ್. ಇಫ್ ದೇ ಹ್ಯಾಡ್ ಒನ್ ಮೋರ್ ಡೇ, ದೇ ಕುಡ್ ಫಿನಿಶ್ ದಟ್ ವರ್ಕ್ ಅಂಡ್ ಸ್ಟಿಲ್ ಹ್ಯಾವ್ ಟೈಮ್ ಫಾರ್ ದೇರ್ ಚಿಲ್ಡ್ರನ್. ಬಟ್ ಇಟ್ ವುಡಂಟ್ ಬಿ ಈಸಿ ಫಾರ್ ನರ್ಸಸ್, ಅನ್‌ಲೆಸ್ ಹಾಸ್ಪಿಟಲ್ಸ್ ಹೈರ್ಡ್ ಮೋರ್ ಸ್ಟಾಫ್."

ಮೊದಲ ವಾಕ್ಯದಲ್ಲಿ ಇಫ್ ಇಲ್ಲವೇ ಇಲ್ಲ, ಗಮನಿಸಿದಿರಾ? ಷರತ್ತನ್ನು ಎಕ್ಸಾಮಿನರ್ ತಮ್ಮ ಪ್ರಶ್ನೆಯಲ್ಲೇ ಇಟ್ಟುಬಿಟ್ಟಿದ್ದಾರೆ. ಅದನ್ನು ಮತ್ತೆ ಪೂರ್ತಿ ಹೇಳಿ ಶುರು ಮಾಡಿದರೆ ಬಾಯಿಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. "ರೈಟ್ ನೌ" ಅಂದ ತಕ್ಷಣ ನಾವು ಈಗಿನ ಲೋಕಕ್ಕೆ ಇಳಿದೆವು, ಅದಕ್ಕೇ ಡೂ ಮತ್ತು ರೆಸ್ಟ್. ಅಲ್ಲಿಂದ ವಾಪಸ್ ಹೋಗಲು ಮಾತ್ರ ಒಂದು ಇಫ್ ಖರ್ಚು ಮಾಡಿದೆವು. ಕುಡ್ ಬಂದದ್ದು ಸುಮ್ನೆ ಬದಲಾವಣೆಗಲ್ಲ: ಇನ್ನೊಂದು ದಿನ ಸಿಕ್ಕರೆ ಕೆಲಸ ಮುಗಿಸಲು ಆಗುತ್ತದೆ, ಮುಗಿಸಿಯೇ ಬಿಡುತ್ತಾರೆ ಅಂತಲ್ಲ. ಖಾತ್ರಿ ಇನ್ನೂ ಕಡಿಮೆ ಇದ್ದರೆ ಮೈಟ್ ಹಾಕಿ. ಕೊನೆಯಲ್ಲಿ ಅನ್‌ಲೆಸ್ ಆದಮೇಲೂ ಪಾಸ್ಟ್ ರೂಪವೇ ಬಂದಿದೆ, ಹೈರ್ಡ್. ಅಲ್ಲಿ ಹೈರ್ ಅಂತ ಜಾರುವವರೇ ಜಾಸ್ತಿ, ಯಾಕೆಂದರೆ ಅಷ್ಟು ಹೊತ್ತಿಗೆ ಉತ್ತರ ಮುಗಿಯಿತು ಅನ್ನುವ ನೆಮ್ಮದಿ ಬಂದಿರುತ್ತದೆ.

ವುಡ್ ಬೇಡದ ಜಾಗವೂ ಇದೆ. "ಡೂ ಯೂ ಥಿಂಕ್ ಪೀಪಲ್ ವಿಲ್ ವರ್ಕ್ ಫ್ಯೂವರ್ ಅವರ್ಸ್ ಇನ್ ದ ಫ್ಯೂಚರ್?" ಇದು ಕಲ್ಪನೆಯಲ್ಲ, ಮುಂದೆ ನಿಜಕ್ಕೂ ಏನಾಗಬಹುದು ಅಂತ ಕೇಳುತ್ತಿದ್ದಾರೆ. ಇದಕ್ಕೆ ವಿಲ್, ಇಲ್ಲವೇ "ಆರ್ ಲೈಕ್ಲಿ ಟು" ಸಾಕು. ಪ್ರಶ್ನೆಯ ಮೊದಲ ಐದಾರು ಪದ ಕಿವಿಗೊಟ್ಟು ಕೇಳಿ, ಯಾವ ಲೋಕ ಅಂತ ಅಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಮರ್ಯಾದೆಗೆ ಅಂತ ವಿಲ್ ಬದಲು ವುಡ್ ಹಾಕುವ ಚಾಳಿ ಬೇರೆ ಇದೆ, "ಐ ವುಡ್ ಬಿ ಜಾಯಿನಿಂಗ್ ಆನ್ ಮಂಡೇ" ಅಂತೆಲ್ಲ. ಬರುವುದು ಖಂಡಿತ ಇದ್ದರೂ ಕೇಳಿದವರಿಗೆ ಅನುಮಾನ ಬರುತ್ತದೆ, ಬರೋದು ಹೌದೋ ಅಲ್ವೋ ಅಂತ. ಪರೀಕ್ಷೆಗೂ ಮೊದಲು ಅದನ್ನು ಬಿಡಿ.

ಉಚ್ಚಾರಣೆ ಬಗ್ಗೆ ಒಂದೇ ಮಾತು. ಮಾತಿನಲ್ಲಿ ದೇ ವುಡ್ ಅನ್ನುವುದು ದೇಡ್ ಆಗುತ್ತದೆ, ಐ ವುಡ್ ಅನ್ನುವುದು ಐಡ್. ಆ ಕೊನೆಯ ಡ್ ನುಂಗಿದರೆ "ದೇಡ್ ಹ್ಯಾವ್" ಅನ್ನುವುದು "ದೇ ಹ್ಯಾವ್" ಅಂತಲೇ ಕೇಳುತ್ತದೆ, ಆಗ ಸರಿಯಾಗಿ ಯೋಚಿಸಿ ಹೇಳಿದ್ದೂ ತಪ್ಪಾಗಿ ಕಿವಿಗೆ ಬೀಳುತ್ತದೆ. ಡ್ ಬಾಯಿಗೆ ಕೂರುವವರೆಗೆ ಪೂರ್ತಿ ವುಡ್ ಅನ್ನುವುದೇ ವಾಸಿ. ಇನ್ನು "ಇಫ್ ಐ ವರ್" ಸರಿಯೋ "ಇಫ್ ಐ ವಾಸ್" ಸರಿಯೋ ಅನ್ನುವ ಜಗಳ ಬೇಡ. ಮಾತಿನಲ್ಲಿ ಎರಡೂ ನಡೆಯುತ್ತವೆ, ವರ್ ಸ್ವಲ್ಪ ಶಿಸ್ತಿನದು ಅಷ್ಟೆ.

ಜಾರುತ್ತಿದ್ದೀರಾ ಇಲ್ಲವಾ ಅಂತ ನೋಡಲು ಫೋನ್‌ನಲ್ಲಿ ಒಂದು ಉತ್ತರ ರೆಕಾರ್ಡ್ ಮಾಡಿ. ಆಮೇಲೆ ಕೇಳುತ್ತಾ ಕ್ರಿಯಾಪದಗಳನ್ನಷ್ಟೇ ಕಾಗದದ ಮೇಲೆ ಒಂದರ ಕೆಳಗೊಂದು ಬರೆಯಿರಿ, ವಾಕ್ಯ ಬೇಡ. ಗೆಳೆಯನ ಉತ್ತರ ಬರೆದಾಗ ಸಾಲು ಹೀಗಿತ್ತು: ವುಡ್ ವರ್ಕ್, ವುಡ್ ಬಿ, ವುಡ್ ಹ್ಯಾವ್, ವಿಲ್ ಸ್ಪೆಂಡ್, ವಿಲ್ ನಾಟ್ ಗೆಟ್. ಕೇಳುವಾಗ ಸಿಗದ ತಪ್ಪು ಕಾಗದದ ಮೇಲೆ ಎದ್ದು ಕಾಣಿಸಿತು. ಪ್ರತಿ ವಿಲ್ ಎದುರಿಗೂ, ಪ್ರತಿ ಪ್ರೆಸೆಂಟ್ ಎದುರಿಗೂ "ಇದು ಈಗಿನ ಲೋಕವಾ?" ಅಂತ ಕೇಳಿಕೊಳ್ಳಿ. ಹೌದು ಅಂದರೆ ಬಿಡಿ. ಅಲ್ಲ ಅಂದರೆ ಅದೇ ಉತ್ತರವನ್ನು ಇನ್ನೊಮ್ಮೆ ಹೇಳಿ ರೆಕಾರ್ಡ್ ಮಾಡಿ. ಪರೀಕ್ಷೆಯಲ್ಲೇ ಜಾರಿದರೆ "ದೇ ವಿಲ್, ಐ ಮೀನ್, ದೇ ವುಡ್" ಅಂತ ಒಮ್ಮೆ ತಿದ್ದಿಕೊಂಡು ಮುಂದೆ ಹೋಗಿ. ಪ್ರತಿ ವಾಕ್ಯಕ್ಕೂ ಹಿಂದೆ ತಿರುಗಿ ತಿದ್ದುತ್ತಾ ಕೂತರೆ ಗ್ರಾಮರ್ ಉಳಿಸಲು ಹೋಗಿ ಫ್ಲೂಯೆನ್ಸಿ ಅಂಕ ಕಳೆದುಕೊಳ್ಳುತ್ತೀರಿ.