ಅರ್ಧ ಮಿಲಿಗ್ರಾಂ ಎಂದರೆ ಹತ್ತು ಮಿಲಿಗ್ರಾಮೇ?

ಆತಂಕಕ್ಕೆ ಕೊಡುವ, ರೂಢಿಯಾದರೆ ಥಟ್ಟನೆ ನಿಲ್ಲಿಸಲಾಗದ ಅಲ್‌ಪ್ರಜೋಲಾಮ್ ಮಾತ್ರೆಯನ್ನು ಬಿಡಿಸಲು, ಅದೇ ಗುಂಪಿನ, ದೇಹದಲ್ಲಿ ಹೆಚ್ಚು ಕಾಲ ಉಳಿಯುವ ಡಯಜೆಪಾಮ್‌ಗೆ ಬದಲಾಯಿಸಿ ನಿಧಾನವಾಗಿ ಇಳಿಸುವುದುಂಟು. ಆ ಮಾತು ಬಂದ ಕೂಡಲೇ ಮನೆಯವರು ಮೊಬೈಲ್ ತೆರೆದು ಯಾವುದು ಎಷ್ಟಕ್ಕೆ ಸಮ ಎಂಬ ಕೋಷ್ಟಕ ತೋರಿಸುತ್ತಾರೆ: ಅಲ್‌ಪ್ರಜೋಲಾಮ್ 0.5 ಮಿಲಿಗ್ರಾಂ, ಡಯಜೆಪಾಮ್ 10 ಮಿಲಿಗ್ರಾಂ. ರೂಪಾಯಿಯನ್ನು ಡಾಲರ್‌ಗೆ ಬದಲಾಯಿಸುವಷ್ಟೇ ನಿಶ್ಚಿಂತೆಯಿಂದ ಗುಣಿಸುತ್ತಾರೆ. ನನ್ನ ಸಹನೆ ಕೆಡುವುದು ಅಲ್ಲಿಯೇ.

ಕಳೆದ ವರ್ಷ ಬಂದ ಅರವತ್ತೇಳರ ನಿವೃತ್ತ ಶಿಕ್ಷಕಿ ಎಂಟು ವರ್ಷಗಳಿಂದ ಬೆಳಗ್ಗೆ, ರಾತ್ರಿ 0.5ರಂತೆ ನುಂಗುತ್ತಿದ್ದರು. ದಿನಕ್ಕೆ 1 ಮಿಲಿಗ್ರಾಂ. ಮಗ ಲೆಕ್ಕ ಹಾಕಿ, ಮನೆಯಲ್ಲಿದ್ದ ಹಳೆಯ ಮಾತ್ರೆಗಳಿಂದ ಒಂದೇ ದಿನದಲ್ಲಿ 20 ಮಿಲಿಗ್ರಾಂ ಡಯಜೆಪಾಮ್‌ಗೆ ಬದಲಾಯಿಸಿದ್ದ. "ಮೂರು ದಿನ ಅಮ್ಮ ಚೆನ್ನಾಗಿಯೇ ಇದ್ದರು ಡಾಕ್ಟರೇ" ಎಂದ. ಆರನೆಯ ದಿನ ಮಾತು ತೊದಲಿತು, ಬೆಳಗ್ಗೆ ಹತ್ತು ಗಂಟೆಗೆ ಕುರ್ಚಿಯಲ್ಲೇ ನಿದ್ರೆ, ರಾತ್ರಿ ಬಚ್ಚಲ ಬಾಗಿಲಲ್ಲಿ ಮುಗ್ಗರಿಕೆ.

ಆ ಮೂರು ದಿನಗಳೇ ಅವನನ್ನು ಮೋಸಗೊಳಿಸಿದವು. ಅಲ್‌ಪ್ರಜೋಲಾಮ್‌ನ ಅರ್ಧಭಾಗ ಸುಮಾರು ಹನ್ನೊಂದು ಗಂಟೆಗಳಲ್ಲಿ ರಕ್ತದಿಂದ ಹೋಗುತ್ತದೆ, ವಯಸ್ಸಾದವರಲ್ಲಿ ಇನ್ನಷ್ಟು ತಡವಾಗಿ. ಡಯಜೆಪಾಮ್‌ಗೆ ಮತ್ತು ಅದು ಯಕೃತ್ತಿನಲ್ಲಿ ಬದಲಾಗಿ ಹುಟ್ಟಿಸುವ ಇನ್ನೊಂದು ಔಷಧಾಂಶಕ್ಕೆ ಹೀಗೆ ಅರ್ಧವಾಗಲು ಹಲವು ದಿನಗಳೇ ಬೇಕಾಗಬಹುದು. ನಿನ್ನೆಯದು ಉಳಿದಿರುವಾಗಲೇ ಇಂದಿನದು ಸೇರುತ್ತದೆ. ಶೇಖರಣೆ ಸ್ಥಿರವಾಗಲು ವಾರಗಳು ಬೇಕು. ಮೊದಲ ವಾರ ಕಂಡದ್ದನ್ನು ಅಂತಿಮವೆಂದು ತಿಳಿಯಬಾರದು. ಕೋಷ್ಟಕದಲ್ಲಿ ಈ ಕಾಲದ ಲೆಕ್ಕ ಇರುವುದೇ ಇಲ್ಲ.

ಅಲ್ಲದೆ ಕೋಷ್ಟಕಗಳೂ ಒಂದೇ ಮಾತು ಹೇಳುವುದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ ಹನ್ನೆರಡು ವರ್ಷ ಇಂತಹ ಮಾತ್ರೆ ಬಿಡಿಸುವ ಚಿಕಿತ್ಸಾಲಯ ನಡೆಸಿದ ಹೆದರ್ ಆಷ್ಟನ್ ಅವರ ಪಟ್ಟಿಯಂತೆ ಆ ತಾಯಿಯ 1 ಮಿಲಿಗ್ರಾಂ ಡಯಜೆಪಾಮ್‌ನ 20ಕ್ಕೆ ಸಮ. ಬೇರೆ ಕೆಲವು ಪಟ್ಟಿಗಳಲ್ಲಿ 10ಕ್ಕೆ. ಇವು ವೈದ್ಯರ ಅನುಭವದಿಂದ ಬಂದ ಅಂದಾಜುಗಳು. ಹಾಗೆಂದು ಕಡಿಮೆಯೇ ಕ್ಷೇಮವೆಂದೂ ಅಲ್ಲ: ಬದಲಿ ತೀರ ಸಾಲದಿದ್ದರೆ ಎರಡು ಮೂರು ದಿನಗಳಲ್ಲೇ ಬೆವರು, ಕೈನಡುಕ, ನಿದ್ರೆಗೇಡು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು.

ಮೊದಲೇ ಬಂದಿದ್ದರೆ ರಾತ್ರಿಯ 0.5 ಒಂದನ್ನೇ ತೆಗೆದು 5 ಮಿಲಿಗ್ರಾಂ ಡಯಜೆಪಾಮ್ ಕೊಟ್ಟು, ಬೆಳಗಿನದನ್ನು ಒಂದು ವಾರ ಮುಟ್ಟದೆ ನೋಡುತ್ತಿದ್ದೆ. ಈಗ ಒಟ್ಟು ಪ್ರಮಾಣವನ್ನು 10ಕ್ಕೆ ಇಳಿಸಿ, ನಡಿಗೆ, ಮಾತು, ಹಗಲಿನ ಎಚ್ಚರವನ್ನು ದಿನವೂ ಬರೆದಿಡಲು ಮಗನಿಗೆ ಹೇಳಿದೆ. ಎರಡು ವಾರ ಸ್ಥಿರವಾದ ಮೇಲೆ 9ಕ್ಕೆ ಇಳಿಸಿದೆವು. 2 ಮಿಲಿಗ್ರಾಂ ಮಾತ್ರೆಯನ್ನು ಅರ್ಧ ಮಾಡಿದರೆ ಅದು ಸಾಧ್ಯ. ಮುಂದಿನ ಇಳಿಕೆ ಎರಡರಿಂದ ನಾಲ್ಕು ವಾರಗಳ ಬಳಿಕ. 5ರ ಕೆಳಗೆ ಅರ್ಧ ಮಿಲಿಗ್ರಾಮಿನ ಹೆಜ್ಜೆ. ಇದು ಅವರೊಬ್ಬರ ಲೆಕ್ಕ, ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ಹಚ್ಚಬೇಡಿ.

ಯಕೃತ್ತು ದುರ್ಬಲವಾದವರಿಗೆ, ಬಿದ್ದು ಮೂಳೆ ಮುರಿದುಕೊಂಡ ಹಿರಿಯರಿಗೆ ನಾನು ಬದಲಾಯಿಸಲು ಹಿಂಜರಿಯುತ್ತೇನೆ, ಅಲ್‌ಪ್ರಜೋಲಾಮ್‌ನ 0.25 ಮಾತ್ರೆಯನ್ನೇ ಅರ್ಧ ಮಾಡಿ ಸಣ್ಣದಾಗಿ ಇಳಿಸುತ್ತೇನೆ. ಆ ಶಿಕ್ಷಕಿ ಈಗ 4 ಮಿಲಿಗ್ರಾಂನಲ್ಲಿದ್ದಾರೆ, ಬಚ್ಚಲಿಗೆ ಗೋಡೆ ಹಿಡಿಯದೆ ಹೋಗುತ್ತಾರೆ.