ಗ್ರಾಮರ್ ಸಂದಿಗ್ಧವಾದರೆ ಭಾಷೆಯೂ ಸಂದಿಗ್ಧವೇ?

ಪ್ರಶ್ನೆ: ಸಮತೋಲಿತ ಆವರಣಗಳ ಗ್ರಾಮರ್ ಆಂಬಿಗ್ಯುಯಸ್ ಎಂದು ತರಗತಿಯಲ್ಲಿ ಸಾಧಿಸಿ ತೋರಿಸಿದರು. ಮರುವಾರ ಅದೇ ಭಾಷೆಗೆ ಡಿಟರ್ಮಿನಿಸ್ಟಿಕ್ ಪುಶ್‌ಡೌನ್ ಆಟೊಮ್ಯಾಟನ್ ಬರೆಸಿದರು. ಪ್ರತಿ ಹೆಜ್ಜೆಯಲ್ಲೂ ಒಂದೇ ದಾರಿ ಇರುವ ಯಂತ್ರಕ್ಕೆ ಸಿಗುವ ಭಾಷೆ ಆಂಬಿಗ್ಯುಯಸ್ ಆಗುವುದು ಹೇಗೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಎದ್ದಿದೆ. ತರಗತಿಯಲ್ಲಿ ಸಂದಿಗ್ಧವೆಂದು ಸಾಧಿಸಿದ್ದು ಒಂದು ಗ್ರಾಮರನ್ನು, ಭಾಷೆಯನ್ನಲ್ಲ.

ನಿಮ್ಮೂರಿನಲ್ಲಿ ದಿನವೂ ಕೇಳುವ 'ಹಳೆ ಬಸ್ ಸ್ಟ್ಯಾಂಡ್' ಎಂಬ ಮಾತನ್ನೇ ನೋಡಿ. ಹಳೆಯದು ಸ್ಟ್ಯಾಂಡೋ, ಅಲ್ಲಿ ನಿಲ್ಲುವ ಬಸ್ಸೋ? ಪದಗಳ ಸಾಲು ಒಂದೇ, ಅವು ಗುಂಪುಗೂಡುವ ಬಗೆ ಎರಡು. ಒಂದೇ ಸ್ಟ್ರಿಂಗಿಗೆ ಎರಡು ಪಾರ್ಸ್ ಟ್ರೀ ಎಂದರೆ ಇದೇ. ಈಗ ನಿಮ್ಮ ಗ್ರಾಮರ್:

```
S → SS | (S) | ε
```

`()()()` ತೆಗೆದುಕೊಳ್ಳಿ. ಬೇರಿನಲ್ಲಿ `SS` ಹಾಕಿದ ಮೇಲೆ ಎಡಗಡೆಯ S ಮೊದಲ ಎರಡು ಜೋಡಿಗಳನ್ನು ಕೊಟ್ಟು ಬಲಗಡೆಯದು ಕೊನೆಯದನ್ನು ಕೊಡಬಹುದು. ಎಡಗಡೆಯದು ಒಂದನ್ನೇ ಕೊಟ್ಟು ಬಲಗಡೆಯದು ಉಳಿದೆರಡನ್ನು ಕೊಟ್ಟರೂ ಆದೀತು. ಎರಡು ಟ್ರೀ ಸಿಕ್ಕವು, ಗ್ರಾಮರ್ ಸಂದಿಗ್ಧ. ಇಲ್ಲಿ ಹಲವರು ಎಡವುತ್ತಾರೆ: `()()` ಸ್ಟ್ರಿಂಗಿಗೆ ಒಂದು ಲೆಫ್ಟ್‌ಮೋಸ್ಟ್, ಒಂದು ರೈಟ್‌ಮೋಸ್ಟ್ ಡಿರೈವೇಶನ್ ಬರೆದು 'ಎರಡು ಬಂತು' ಎನ್ನುತ್ತಾರೆ. ಅವೆರಡೂ ಒಂದೇ ಟ್ರೀಯನ್ನು ಬೇರೆ ಬೇರೆ ಕ್ರಮದಲ್ಲಿ ಬಿಡಿಸಿದವು ಅಷ್ಟೇ. ಸಾಕ್ಷಿಯಾಗಬೇಕಾದರೆ ಎರಡು ಟ್ರೀ ಬೇಕು, ಇಲ್ಲವೇ ಎರಡು ಲೆಫ್ಟ್‌ಮೋಸ್ಟ್ ಡಿರೈವೇಶನ್ ಬೇಕು.

ಅದೇ ಭಾಷೆಗೆ ಇನ್ನೊಂದು ಗ್ರಾಮರ್ ಇದೆ:

```
S → (S)S | ε
```

ಇಲ್ಲಿ ಆಯ್ಕೆಗೆ ಎಡೆಯೇ ಇಲ್ಲ. ಸ್ಟ್ರಿಂಗ್ ಖಾಲಿ ಇಲ್ಲದಿದ್ದರೆ ಮೊದಲ ನಿಯಮವನ್ನೇ ಹಚ್ಚಬೇಕು. ಮೊದಲ `(` ಗೆ ಜೋಡಿ ಯಾವುದು ಎಂಬುದೂ ನಿಶ್ಚಿತ: ಎಡದಿಂದ ಎಣಿಸುತ್ತ ಹೋದಾಗ ತೆರೆದವೂ ಮುಚ್ಚಿದವೂ ಮೊದಲ ಬಾರಿಗೆ ಸಮವಾಗುವ ಜಾಗದ `)`. ನಡುವೆ ಇದ್ದದ್ದು ಒಳಗಿನ S, ಆಮೇಲೆ ಉಳಿದದ್ದು ಹೊರಗಿನ S. ಹೀಗೆ ಪ್ರತಿ ಸ್ಟ್ರಿಂಗಿಗೂ ಒಂದೇ ಟ್ರೀ.

ಇನ್ನು ಯಂತ್ರ. ಆರಂಭದ ಸ್ಥಿತಿ `q0`, ಸ್ವೀಕರಿಸುವ ಸ್ಥಿತಿಯೂ ಅದೇ. ಸ್ಟ್ಯಾಕಿನ ತಳದಲ್ಲಿ `Z`.

```
δ(q0, (, Z) = (q1, XZ)
δ(q1, (, X) = (q1, XX)
δ(q1, ), X) = (q1, ε)
δ(q1, ε, Z) = (q0, Z)
```

`(())` ಕೊಟ್ಟು ನೋಡಿ. ಸ್ಟ್ಯಾಕ್ `Z` ಇಂದ `XZ`, `XXZ` ಆಗಿ ಬೆಳೆದು, ಮತ್ತೆ `XZ`, `Z` ಆಗಿ ಇಳಿಯುತ್ತದೆ. `Z` ಕಂಡೊಡನೆ ಏನನ್ನೂ ಓದದೆ `q0` ಗೆ ಮರಳುತ್ತದೆ, ಸ್ಟ್ರಿಂಗ್ ಸ್ವೀಕೃತ. `())(` ಕೊಟ್ಟರೆ ಮೂರನೇ ಅಕ್ಷರಕ್ಕೇ `q0` ನಲ್ಲಿ `)` ಎದುರಾಗುತ್ತದೆ. ಅದಕ್ಕೆ ನಿಯಮವಿಲ್ಲ, ಯಂತ್ರ ಅಲ್ಲೇ ನಿಲ್ಲುತ್ತದೆ. ಎರಡೂ ಬಗೆಯ ಆವರಣಗಳ ಒಟ್ಟು ಎಣಿಕೆ ಸಮವಿದ್ದರೆ ಸಾಲದು ಎಂಬುದು ಇಲ್ಲಿ ಕಾಣುತ್ತದೆ. `q1` ಏಕೆ ಬೇಕು ಎಂದು ಕೇಳಬಹುದು. ಒಂದೇ ಸ್ಥಿತಿ ಇಟ್ಟು ಅದನ್ನೇ ಸ್ವೀಕರಿಸುವ ಸ್ಥಿತಿ ಮಾಡಿದರೆ, ಮುಚ್ಚದೆ ಉಳಿದ `((` ಕೂಡ ಪಾಸಾಗಿಬಿಡುತ್ತದೆ.

ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿ. ಈ ಯಂತ್ರವನ್ನು ನಾವು ಭಾಷೆಯನ್ನು ನೋಡಿ ಕಟ್ಟಿದೆವು, ಮೊದಲ ಗ್ರಾಮರನ್ನು ನೋಡಿ ಅಲ್ಲ. ಪಠ್ಯದಲ್ಲಿರುವ ವಿಧಾನದಂತೆ ಆ ಗ್ರಾಮರಿನಿಂದಲೇ ಆಟೊಮ್ಯಾಟನ್ ಕಟ್ಟಿ ನೋಡಿ. ಸ್ಟ್ಯಾಕಿನ ಮೇಲೆ S ಇದ್ದಾಗ ಅದು ಇನ್‌ಪುಟ್ ಓದದೆಯೇ `SS`, `(S)`, `ε` ಮೂರರಲ್ಲಿ ಒಂದನ್ನು ಊಹಿಸಬೇಕು. ಅದರ ಒಂದೊಂದು ಯಶಸ್ವಿ ಓಟವೂ ಒಂದೊಂದು ಲೆಫ್ಟ್‌ಮೋಸ್ಟ್ ಡಿರೈವೇಶನ್ನಿಗೆ ಸರಿಸಾಟಿ. ಆದ್ದರಿಂದ `()()()` ಅಲ್ಲಿ ಹಲವು ಓಟಗಳಲ್ಲಿ ಗೆಲ್ಲುತ್ತದೆ. ಗ್ರಾಮರಿನ ಸಂದಿಗ್ಧತೆ ಹಾಗೇ ಯಂತ್ರದೊಳಕ್ಕೆ ಇಳಿದಿರುತ್ತದೆ. ಭಾಷೆ ಒಂದೇ ಆದರೂ ಯಂತ್ರಗಳು ಬೇರೆ.

ಡಿಟರ್ಮಿನಿಸ್ಟಿಕ್ ಯಂತ್ರ ಒಂದು ಇದೆ ಎಂದಾದರೆ, ಆ ಭಾಷೆಗೆ ಸಂದಿಗ್ಧವಲ್ಲದ ಗ್ರಾಮರ್ ಕನಿಷ್ಠ ಒಂದಾದರೂ ಇದ್ದೇ ಇರುತ್ತದೆ. ಭಾಷೆಯ ಪ್ರತಿ ಗ್ರಾಮರೂ ಹಾಗೇ ಇರಬೇಕೆಂದೇನೂ ಇಲ್ಲ. ಭಾಷೆಯನ್ನೇ ಸಂದಿಗ್ಧ ಎನ್ನಬೇಕಾದರೆ ಅದರ ಎಲ್ಲ ಗ್ರಾಮರುಗಳೂ ಸಂದಿಗ್ಧವಾಗಿರಬೇಕು. ಅಂಥ ಭಾಷೆಗಳೂ ಇವೆ. `aⁱbʲcᵏ` ರೂಪದ ಸ್ಟ್ರಿಂಗುಗಳಲ್ಲಿ `i = j` ಅಥವಾ `j = k` ಇರುವವನ್ನು ಒಟ್ಟು ಮಾಡಿ. `aⁿbⁿcⁿ` ಎರಡೂ ಷರತ್ತಿಗೆ ಹೊಂದುತ್ತದೆ. ಗ್ರಾಮರನ್ನು ಹೇಗೇ ತಿದ್ದಿ ಬರೆದರೂ ಇಂಥ ಸ್ಟ್ರಿಂಗುಗಳಲ್ಲಿ ಕೆಲವಕ್ಕೆ ಎರಡು ಟ್ರೀ ಬಂದೇ ಬರುತ್ತವೆ. ಹಾಗಾಗಿ ಈ ಭಾಷೆಗೆ ಡಿಟರ್ಮಿನಿಸ್ಟಿಕ್ ಪುಶ್‌ಡೌನ್ ಆಟೊಮ್ಯಾಟನ್ ಯಾರಿಂದಲೂ ಕಟ್ಟಲಾಗದು.